ಎಸ್‌ಎಸ್‌ಎಚ್ ಕೈಕೊಟ್ಟ ಸಂಜೆ ಮತ್ತು ಒಂದು ಕವರ್ ಲೆಟರ್

ನನ್ನ ಚಿಕ್ಕಪ್ಪನ ಮಗಳು ಬಿ.ಇ. ಮುಗಿಸಿ ಮೂರು ತಿಂಗಳಾಗಿತ್ತು. ಅವರ ಮನೆ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ, ಕಾಫಿ ತೋಟದ ಮಧ್ಯೆ. ನಾನು ರಜೆಗೆ ಹೋದಾಗ ಊಟ ಮುಗಿಯುವುದನ್ನೇ ಕಾದು ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. "ಅಕ್ಕಾ, ಬೆಂಗಳೂರಲ್ಲಿ ಒಂದು ಜೂನಿಯರ್ ಕ್ಲೌಡ್ ಸಪೋರ್ಟ್ ಕೆಲಸ ಇದೆ. ಕವರ್ ಲೆಟರ್ ಬರ್ದಿದೀನಿ, ಒಂದ್ಸಲ ನೋಡ್ತೀಯಾ?"

ಕ್ಲೌಡ್ ಸಪೋರ್ಟ್ ನನ್ನದೇ ಕೆಲಸ. ನಮ್ಮ ತಂಡಕ್ಕೆ ಜನ ಬೇಕಾದಾಗ ಇಂಥ ಪತ್ರಗಳನ್ನು ಓದುವುದೂ ನನ್ನ ಪಾಲಿಗೆ ಬರುತ್ತದೆ. ಅವಳ ಪತ್ರದಲ್ಲಿ ತಪ್ಪೇನೂ ಇರಲಿಲ್ಲ. ಕ್ಲೌಡ್ ಮೇಲೆ ತುಂಬಾ ಆಸಕ್ತಿ ಇದೆ, ಬೇಗ ಕಲಿಯುತ್ತೇನೆ, 40ಕ್ಕೂ ಜಾಸ್ತಿ ಪ್ರಾಕ್ಟೀಸ್ ಲ್ಯಾಬ್ ಮುಗಿಸಿದ್ದೇನೆ, ಫ್ರೀ ಟಿಯರ್‌ನಲ್ಲಿ ಒಂದು ಪ್ರಾಜೆಕ್ಟ್ ಮಾಡಿದ್ದೇನೆ ಎಂದು ಬರೆದಿದ್ದಳು. ತೊಂದರೆ ಏನೆಂದರೆ, ಅದೇ ದಿನ ಅದೇ ಕೆಲಸಕ್ಕೆ ಬಂದ ಬೇರೆ ಪತ್ರಗಳಲ್ಲೂ ಇದೇ ಇರುತ್ತದೆ. ಓದುವವರಿಗೆ ಇವಳು ಯಾರು ಎಂದು ತಿಳಿಯುವುದು ಎಲ್ಲಿಂದ?

ಸಪೋರ್ಟ್ ಕೆಲಸ ಅಂದರೆ ಏನು ಎಂದು ಮೊದಲು ನೋಡಬೇಕು. ಅಲ್ಲಿ ದಿನವಿಡೀ ಹೊಸದೇನನ್ನೂ ಕಟ್ಟುವುದಿಲ್ಲ. ಗ್ರಾಹಕರು "ನಮ್ಮ ಸೈಟ್ ತೆರೆಯುತ್ತಿಲ್ಲ" ಎಂದು ಒಂದು ಸಾಲಿನ ಟಿಕೆಟ್ ಹಾಕುತ್ತಾರೆ. ಯಾವ ಸೈಟ್, ಯಾವಾಗಿನಿಂದ, ಸ್ಕ್ರೀನಿನಲ್ಲಿ ಏನು ಬರುತ್ತಿದೆ ಎಂದು ನಾವೇ ಕೇಳಿ ತಿಳಿದುಕೊಳ್ಳಬೇಕು. ಎಲ್ಲಿ ಕೆಟ್ಟಿದೆ ಎಂದು ಹುಡುಕಬೇಕು, ಆಮೇಲೆ ಏನಾಯಿತು ಎಂದು ಅರ್ಥವಾಗುವ ಹಾಗೆ ಬರೆದು ತಿಳಿಸಬೇಕು. ಹಾಗಾಗಿ ಪತ್ರ ಓದುವ ಟೀಮ್ ಲೀಡ್‌ಗೆ ನೀವು ಎಷ್ಟು ಲ್ಯಾಬ್ ಮಾಡಿದ್ದೀರಿ ಎಂಬುದು ದೊಡ್ಡದಲ್ಲ. ಕೆಟ್ಟಾಗ ಏನು ಮಾಡಿದಿರಿ ಎಂಬುದು ಬೇಕು.

ಲ್ಯಾಬ್‌ಗಳ ವಿಷಯ ಸ್ವಲ್ಪ ಹೇಳಬೇಕು. ಆನ್‌ಲೈನ್ ಲ್ಯಾಬ್‌ನಲ್ಲಿ ಹೆಜ್ಜೆಗಳನ್ನು ಅವರೇ ಬರೆದಿಟ್ಟಿರುತ್ತಾರೆ. ತಾತ್ಕಾಲಿಕ ಅಕೌಂಟ್ ಸಿಗುತ್ತದೆ. ಹೇಳಿದ ಕಡೆ ಒತ್ತಿದರೆ ಎಲ್ಲವೂ ಕೆಲಸ ಮಾಡುತ್ತದೆ, ಟೈಮ್ ಮುಗಿದ ಮೇಲೆ ಅಷ್ಟೂ ಅಳಿಸಿಹೋಗುತ್ತದೆ. ಕಲಿಯೋಕೆ ಒಳ್ಳೆಯದೇ, ನಾನೂ ಮಾಡಿದ್ದೇನೆ. ಆದರೆ ಅಲ್ಲಿ ಏನೂ ಕೆಡುವುದಿಲ್ಲವಲ್ಲ! ಅದಕ್ಕೇ 40 ಎಂಬ ಸಂಖ್ಯೆ ಏನನ್ನೂ ಹೇಳುವುದಿಲ್ಲ.

"ಲ್ಯಾಬ್ ಮುಗಿದ ಮೇಲೆ ಬೇಕಂತಲೇ ಏನಾದ್ರೂ ಕೆಡಿಸಿ ನೋಡಿದ್ದೀಯಾ?" ಎಂದು ಕೇಳಿದೆ.

ಇಲ್ಲ ಅಂದಳು. ಸರಿ, ಪ್ರಾಜೆಕ್ಟ್ ತೋರಿಸು ಅಂದೆ.

ಪ್ರಾಜೆಕ್ಟ್ ನೋಡಿದಾಗ ನನಗೆ ನಿಜವಾಗಿಯೂ ಖುಷಿಯಾಯಿತು. ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಡುವುದು ಹಳೆಯ ರೂಢಿ. ಅಂಗಳದಲ್ಲಿ ಮಳೆ ಮಾಪಕ, ಬೆಳಿಗ್ಗೆ ಅಳತೆ, ಪುಸ್ತಕದಲ್ಲಿ ಇಂಚು ಮತ್ತು ಸೆಂಟ್. ಒಂದು ಇಂಚಿಗೆ ನೂರು ಸೆಂಟ್. ಕಾಫಿ ಹೂವಿಗೆ ಮಳೆ ಎಷ್ಟು ಬಿತ್ತು, ಆಮೇಲಿನ ಬ್ಯಾಕಿಂಗ್ ಮಳೆ ಯಾವಾಗ ಬಂತು ಎಂಬುದು ಅಲ್ಲಿ ಫಸಲಿನ ಪ್ರಶ್ನೆ. ಚಿಕ್ಕಪ್ಪನ ಆ ಪುಸ್ತಕವನ್ನು ಇವಳು ವೆಬ್ ಪುಟವಾಗಿ ಮಾಡಿದ್ದಳು. ಅಮೆಜಾನ್ ಕ್ಲೌಡ್‌ನಲ್ಲಿ ಒಂದು `t3.micro` ಸರ್ವರ್, 1 ಜಿಬಿ ಮೆಮೊರಿ. ಮುಂದೆ ಬ್ರೌಸರ್‌ಗೆ ಉತ್ತರ ಕೊಡುವ ಎನ್‌ಜಿನ್‌ಎಕ್ಸ್, ಅದರ ಹಿಂದೆ ಪೈಥಾನ್‌ನಲ್ಲಿ ಬರೆದ ಸಣ್ಣ ಆ್ಯಪ್. ಚಿಕ್ಕಪ್ಪ ಫೋನಿನಲ್ಲಿ ಆ ದಿನದ ಮಳೆ ಹಾಕಿದರೆ ತಿಂಗಳ ಮೊತ್ತ ಕಾಣುತ್ತದೆ. ಅಷ್ಟೇ. ಪತ್ರದಲ್ಲಿ ಮಾತ್ರ ಇದು "ಕ್ಲೌಡ್ ಆಧಾರಿತ ಹವಾಮಾನ ನಿರ್ವಹಣಾ ವ್ಯವಸ್ಥೆ" ಆಗಿಬಿಟ್ಟಿತ್ತು.

"ಇದು ಯಾವತ್ತಾದ್ರೂ ಕೈಕೊಟ್ಟಿದ್ಯಾ?"

"ಅಯ್ಯೋ, ಒಂದಿನ ರಾತ್ರಿ ಹನ್ನೊಂದರವರೆಗೆ ಒದ್ದಾಡಿದೀನಿ. ಅದೆಲ್ಲ ಲೆಟರಲ್ಲಿ ಬರೀತಾರಾ?"

ಅದನ್ನೇ ಬರೆಯಬೇಕು. ನಡೆದದ್ದನ್ನು ಅವಳ ಬಾಯಿಂದಲೇ ಪೂರ್ತಿ ಕೇಳಿದೆ.

ಒಂದು ಸಂಜೆ ಜೋರು ಮಳೆ ಬಂದು ಕರೆಂಟ್ ಹೋಗಿತ್ತು. ಬಂದ ಮೇಲೆ ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದ ಸರ್ವರ್‌ನಲ್ಲಿ ಕಮಾಂಡ್ ಕೊಡುವ ದಾರಿಯಿಂದ, ಒಳಹೋಗಲು ನೋಡಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಈ ಸಾಲು ಬಂತು:

```
ssh: connect to host 198.51.100.7 port 22: Connection timed out
```

ಮಧ್ಯಾಹ್ನ ಸರಿಯಾಗಿತ್ತು, ಈಗ ಇಲ್ಲ. ಸರ್ವರ್ ಹ್ಯಾಂಗ್ ಆಗಿರಬೇಕು ಎಂದುಕೊಂಡು ಕನ್ಸೋಲ್‌ಗೆ ಹೋಗಿ ಅದನ್ನು ನಿಲ್ಲಿಸಿ, ಮತ್ತೆ ಶುರು ಮಾಡಿದಳು. ಈಗ ಮಳೆ ಪುಟವೂ ತೆರೆಯಲಿಲ್ಲ. ಮೊದಲು ಒಂದು ಸಮಸ್ಯೆ ಇತ್ತು, ಈಗ ಎರಡಾದವು. ಎರಡನೆಯದು ಅವಳೇ ತಂದುಕೊಂಡದ್ದು. ಸರ್ವರನ್ನು ರೀಬೂಟ್ ಮಾಡಿದರೆ ಅದರ ಪಬ್ಲಿಕ್ ಐಪಿ ವಿಳಾಸ ಹಾಗೇ ಉಳಿಯುತ್ತದೆ. ಪೂರ್ತಿ ನಿಲ್ಲಿಸಿ ಶುರು ಮಾಡಿದರೆ ತಾನಾಗಿ ಸಿಕ್ಕಿದ್ದ ವಿಳಾಸ ಹೋಗಿ ಹೊಸದು ಬರುತ್ತದೆ. ಅವಳು ಹಳೆಯ ವಿಳಾಸವನ್ನೇ ಬ್ರೌಸರ್‌ನಲ್ಲಿ ಒತ್ತುತ್ತಾ ಕೂತಿದ್ದಳು. ಇದು ಹೊಳೆಯಲು ಅವಳಿಗೆ ಒಂದು ಗಂಟೆ ಬೇಕಾಯಿತು.

ಹೊಸ ವಿಳಾಸ ಹಾಕಿದಾಗ ಮಳೆ ಪುಟ ತೆರೆಯಿತು. ಎಸ್‌ಎಸ್‌ಎಚ್ ಮಾತ್ರ ಮತ್ತೆ ಅದೇ ಹಾಡು. ಆದರೆ ಇಲ್ಲಿ ಒಂದು ದೊಡ್ಡ ಸುಳಿವು ಸಿಕ್ಕಿತ್ತು. ಪುಟ ತೆರೆಯುತ್ತಿದೆ ಅಂದರೆ ಸರ್ವರ್ ಬದುಕಿದೆ, ಇಂಟರ್‌ನೆಟ್‌ನಿಂದ ಅಲ್ಲಿಗೆ ದಾರಿಯೂ ಇದೆ. ಕೆಟ್ಟಿರುವುದು ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟಿನ ದಾರಿ ಮಾತ್ರ.

ಇನ್ನೊಂದು ಸುಳಿವು ಆ ಎರರ್ ಸಾಲಿನಲ್ಲೇ ಇತ್ತು. ಎಸ್‌ಎಸ್‌ಎಚ್ ಸಾಮಾನ್ಯವಾಗಿ ಮೂರು ಥರ ಸೋಲುತ್ತದೆ. `Connection timed out` ಅಂದರೆ ತೋಟದ ಗೇಟಿನಲ್ಲಿ ನಿಂತು ಎಷ್ಟು ಕೂಗಿದರೂ ಯಾರೂ ಓಗೊಡದ ಹಾಗೆ. `Connection refused` ಅಂದರೆ ಮನೆ ಬಾಗಿಲವರೆಗೆ ಹೋಗಿ "ಅವರಿಲ್ಲ" ಅನ್ನಿಸಿಕೊಂಡು ಬಂದ ಹಾಗೆ. ಸರ್ವರ್ ಸಿಕ್ಕಿದೆ, ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವ ಸೇವೆ ಓಡುತ್ತಿಲ್ಲ. `Permission denied (publickey)` ಬಂದರೆ ಒಳಗಿನವರು ಬಾಗಿಲು ತೆರೆದು "ನೀನ್ಯಾರು?" ಅಂದ ಹಾಗೆ. ಆಗ ಕೀ ಫೈಲ್ ಅಥವಾ ಯೂಸರ್ ಹೆಸರು ನೋಡಬೇಕು. ಅಮೆಜಾನ್ ಲಿನಕ್ಸ್‌ಗೆ `ec2-user`, ಉಬುಂಟುಗೆ `ubuntu` ಎಂದು ಹಾಕಬೇಕಾದ ಕಡೆ ಅದಲುಬದಲು ಆಗುವುದು ಜಾಸ್ತಿ.

ಅವಳಿಗೆ ಬಂದದ್ದು ಮೊದಲನೆಯದು. ಯಾವ ವಿಳಾಸದಿಂದ ಯಾವ ಪೋರ್ಟಿಗೆ ಬರಬಹುದು ಎಂಬ ನಿಯಮಗಳಿರುವ ಸೆಕ್ಯುರಿಟಿ ಗ್ರೂಪ್ ಎಂಬ ಕಾವಲು ಅನುಮತಿ ಇಲ್ಲದವರಿಗೆ ಇಲ್ಲ ಎಂದೂ ಹೇಳುವುದಿಲ್ಲ, ಸುಮ್ನೆ ಇರುತ್ತದೆ. ಹಾಗಾಗಿ ಪುಟ ತೆರೆದು ಎಸ್‌ಎಸ್‌ಎಚ್ ಟೈಮ್‌ಔಟ್ ಆದರೆ ಮೊದಲು ನೋಡಬೇಕಾದ್ದು ಅಲ್ಲಿ. ಅವಳು ಸರ್ವರ್ ಮಾಡುವಾಗ 22ನೇ ಪೋರ್ಟಿಗೆ `My IP` ಆಯ್ಕೆ ಮಾಡಿದ್ದಳು. ಹಾಗೆ ಮಾಡಿದರೆ ಆ ಹೊತ್ತಿನಲ್ಲಿ ನಿಮ್ಮ ಮನೆಗೆ ಇರುವ ಪಬ್ಲಿಕ್ ವಿಳಾಸ ನಿಯಮದಲ್ಲಿ ಅಚ್ಚಾಗಿ ಕೂರುತ್ತದೆ, ಕೊನೆಯಲ್ಲಿ `/32` ಸೇರಿಸಿ. ಅಂದರೆ ಆ ಒಂದೇ ವಿಳಾಸಕ್ಕೆ ಪ್ರವೇಶ. ಮುಂದೆ ನಿಮ್ಮ ವಿಳಾಸ ಬದಲಾದರೆ ನಿಯಮ ತಾನಾಗಿ ಬದಲಾಗುವುದಿಲ್ಲ. ಕರೆಂಟ್ ಹೋಗಿ ಬಂದಾಗ ಮನೆಯ ರೂಟರ್ ಮತ್ತೆ ಶುರುವಾಗಿ, ಬ್ರಾಡ್‌ಬ್ಯಾಂಡ್‌ನಿಂದ ಹೊಸ ವಿಳಾಸ ಸಿಕ್ಕಿತ್ತು. ನೋಡುವುದು ಸುಲಭ:

```
curl https://checkip.amazonaws.com
203.0.113.97
```

ನಿಯಮದಲ್ಲಿ ಇದ್ದದ್ದು `203.0.113.24/32`. (ಇಲ್ಲಿರುವ ವಿಳಾಸಗಳೆಲ್ಲ ಉದಾಹರಣೆಗೆಂದೇ ಮೀಸಲಿಟ್ಟವು, ಅವಳವಲ್ಲ.) ಎರಡೂ ಬೇರೆ. ಅಷ್ಟೇ ಕಾರಣ. ನಿಯಮ ಬದಲಿಸಿದ ಕೂಡಲೇ ಒಳಗೆ ಹೋಗಲು ಸಾಧ್ಯವಾಯಿತು.

ಟೈಮ್‌ಔಟ್ ಆದಾಗಲೆಲ್ಲ ಇದೇ ಕಾರಣ ಎಂದುಕೊಳ್ಳಬಾರದು. ಸರ್ವರ್ ನಿಂತಿದ್ದರೂ, ವಿಳಾಸ ಹಳೆಯದಾಗಿದ್ದರೂ, ಸಬ್‌ನೆಟ್‌ನ ರೂಟ್ ಟೇಬಲ್‌ನಲ್ಲಿ ಇಂಟರ್‌ನೆಟ್ ಗೇಟ್‌ವೇಗೆ ದಾರಿ ಇಲ್ಲದಿದ್ದರೂ ಸಾಲು ಇದೇ ಬರುತ್ತದೆ. ಕೆಲವು ಕಡೆ ಕಾಲೇಜಿನ ವೈಫೈಯೇ 22ನೇ ಪೋರ್ಟನ್ನು ಹೊರಗೆ ಬಿಡುವುದಿಲ್ಲ. ಇವಳ ವಿಷಯದಲ್ಲಿ ಪುಟ ತೆರೆಯುತ್ತಿದ್ದದ್ದು ಇವುಗಳಲ್ಲಿ ಹೆಚ್ಚಿನವನ್ನು ಒಂದೇ ಏಟಿಗೆ ತಳ್ಳಿಹಾಕಿತು. ಸಪೋರ್ಟ್‌ನಲ್ಲಿ ನಮಗೆ ಬೇಕಾದ ಯೋಚನೆ ಇದೇ. ಕಾರಣ ಊಹಿಸುವುದು ಆಮೇಲೆ, ಮೊದಲು ಯಾವುದು ಕಾರಣ ಅಲ್ಲ ಎಂದು ತೋರಿಸಿಕೊಳ್ಳುವುದು.

"ಆವತ್ತು ಬೇಜಾರಾಗಿ `0.0.0.0/0` ಹಾಕಿಬಿಡೋಣ ಅನ್ನಿಸ್ತು," ಅಂದಳು. ಅಂದರೆ ಪ್ರಪಂಚದ ಯಾವ ವಿಳಾಸದಿಂದಲಾದರೂ 22ನೇ ಪೋರ್ಟಿಗೆ ಬರಬಹುದು ಎಂದು. ಹಾಕಿದ್ದರೆ ತಕ್ಷಣ ಕೆಲಸ ಮಾಡುತ್ತಿತ್ತು, ಕಾರಣ ಮಾತ್ರ ಗೊತ್ತಾಗುತ್ತಿರಲಿಲ್ಲ. ಹಾಗೆ ತೆರೆದಿಟ್ಟ ಸರ್ವರಿನ ಲಾಗ್ ನೋಡಿದರೆ ಯಾರ್‍ಯಾರೋ ಬಾಗಿಲು ತಟ್ಟಿದ ಸಾಲುಗಳು ತುಂಬಿರುತ್ತವೆ. ಅವಳು ಮಾರನೇ ವಾರ, ಅಮೆಜಾನ್ ಮೂಲಕವೇ ಸರ್ವರಿನೊಳಗೆ ಹೋಗಲು ಬಿಡುವ ಸೆಷನ್ ಮ್ಯಾನೇಜರ್ ಕಲಿತು ಹಾಕಿಕೊಂಡಿದ್ದಳು. ಅದಕ್ಕೆ ಹೊರಗಿನಿಂದ ಒಳಬರುವ ಪೋರ್ಟೇ ಬೇಡ. ಸರ್ವರಿನಲ್ಲಿ ಅದರ ಏಜೆಂಟ್ ಓಡುತ್ತಿರಬೇಕು, ಸರ್ವರಿಗೆ ಅನುಮತಿ ಕೊಡುವ ಸರಿಯಾದ ಐಎಎಂ ರೋಲ್ ಇರಬೇಕು. ಈಗ ಕರೆಂಟ್ ಹೋದರೂ ತಲೆನೋವಿಲ್ಲ.

ಇಷ್ಟು ಕೇಳಿದ ಮೇಲೆ ಪತ್ರ ಬರೆಯುವುದು ಕಷ್ಟವಾಗಲಿಲ್ಲ. ಒಂದು ಕೊರತೆ ಮಾತ್ರ ಇತ್ತು, ಲ್ಯಾಬ್. ಅದನ್ನು ಮಾರನೇ ದಿನ ಬೆಳಿಗ್ಗೆ ಅವಳ ಸರ್ವರ್ ಮೇಲೆಯೇ ಸರಿ ಮಾಡಿದೆವು. ಮಳೆ ಪುಟವನ್ನು ಮೂರು ಥರ ಕೆಡಿಸು, ಪ್ರತಿ ಸಲ ಬ್ರೌಸರ್ ಏನು ಹೇಳುತ್ತದೆ ಬರೆದುಕೋ ಎಂದೆ. ಮೊದಲು ಎನ್‌ಜಿನ್‌ಎಕ್ಸ್ ನಿಲ್ಲಿಸಿದಳು:

```
sudo systemctl stop nginx
```

ತಕ್ಷಣ ರೆಫ್ಯೂಸ್ಡ್ ಬಂತು. ಅದನ್ನು ಶುರು ಮಾಡಿ, ಸೆಕ್ಯುರಿಟಿ ಗ್ರೂಪಿನಲ್ಲಿ 80ನೇ ಪೋರ್ಟಿನ ನಿಯಮ ತೆಗೆದಳು. ಈ ಸಲ ಪುಟ ಸುತ್ತುತ್ತಾ ಕೂತು ಕೊನೆಗೆ ಟೈಮ್‌ಔಟ್ ಆಯಿತು. ನಿಯಮ ವಾಪಸ್ ಹಾಕಿ, ಹಿಂದಿನ ಪೈಥಾನ್ ಆ್ಯಪ್ ಒಂದನ್ನೇ ನಿಲ್ಲಿಸಿದಳು. ಆಗ `502 Bad Gateway`. ಮುಂದಿನ ಎನ್‌ಜಿನ್‌ಎಕ್ಸ್ ಬದುಕಿದೆ, ಹಿಂದೆ ಇರುವವರು ಉತ್ತರ ಕೊಡುತ್ತಿಲ್ಲ ಎಂದರ್ಥ. ಗ್ರಾಹಕರ ಬಾಯಲ್ಲಿ ಮೂರಕ್ಕೂ "ಸೈಟ್ ತೆರೆಯುತ್ತಿಲ್ಲ" ಎಂಬ ಒಂದೇ ಮಾತು. ನೋಡಬೇಕಾದ ಜಾಗ ಮೂರೂ ಬೇರೆ. ಕಾಫಿ ಕುಡಿಯುತ್ತಾ ಮಾಡಿದ ಈ ಅರ್ಧ ಗಂಟೆಯ ಕೆಲಸ 40 ಲ್ಯಾಬಿನ ಸಾಲಿನ ಜಾಗಕ್ಕೆ ಬಂತು.

ಪತ್ರ ಇಂಗ್ಲಿಷಿನಲ್ಲೇ ಹೋಯಿತು. ಒಂದು ಪುಟದ ಒಳಗೆ, ನಾಲ್ಕು ಸಣ್ಣ ಪ್ಯಾರಾ. ಅದರ ಒಳಗಿನ ಮಾತು ಕನ್ನಡದಲ್ಲಿ ಹೀಗೆ:

> ಜೂನಿಯರ್ ಕ್ಲೌಡ್ ಸಪೋರ್ಟ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಈ ವರ್ಷ ಬಿ.ಇ. ಮುಗಿಸಿದ್ದೇನೆ. ಕಂಪನಿಯಲ್ಲಿ ಕೆಲಸ ಮಾಡಿದ ಅನುಭವ ಇಲ್ಲ. ನಾನೇ ಕಟ್ಟಿ, ನಾನೇ ನೋಡಿಕೊಳ್ಳುತ್ತಿರುವ ಒಂದು ಸಣ್ಣ ಸರ್ವರ್ ಇದೆ. ನಮ್ಮ ಮನೆಯವರು ತೋಟದ ಮಳೆ ಲೆಕ್ಕವನ್ನು ಅದರಲ್ಲಿ ಬರೆಯುತ್ತಾರೆ.
>
> ಒಂದು ಸಂಜೆ ಆ ಸರ್ವರಿಗೆ ಎಸ್‌ಎಸ್‌ಎಚ್ ಟೈಮ್‌ಔಟ್ ಆಯಿತು. ಕಾರಣ ನೋಡದೆ ಸರ್ವರ್ ನಿಲ್ಲಿಸಿ ಶುರು ಮಾಡಿದೆ. ಅದರಿಂದ ಪಬ್ಲಿಕ್ ವಿಳಾಸ ಬದಲಾಗಿ ಪುಟವೂ ಸಿಗದಾಯಿತು. ಹೊಸ ವಿಳಾಸದಲ್ಲಿ ಪುಟ ತೆರೆದದ್ದರಿಂದ ಸರ್ವರ್ ಮತ್ತು ದಾರಿ ಸರಿ ಇವೆ, 22ನೇ ಪೋರ್ಟಿನ ನಿಯಮ ನೋಡಬೇಕು ಎಂದು ತಿಳಿಯಿತು. ಕರೆಂಟ್ ಹೋಗಿ ಬಂದ ಮೇಲೆ ನಮ್ಮ ಮನೆಯ ವಿಳಾಸ ಬದಲಾಗಿತ್ತು, ನಿಯಮದಲ್ಲಿ ಹಳೆಯದೇ ಇತ್ತು. ಈಗ ಸೆಷನ್ ಮ್ಯಾನೇಜರ್ ಬಳಸುತ್ತೇನೆ, 22ನೇ ಪೋರ್ಟ್ ಮುಚ್ಚಿದ್ದೇನೆ.
>
> ಲ್ಯಾಬ್‌ನಲ್ಲಿ ಕಲಿತದ್ದನ್ನು ಅದೇ ಸರ್ವರ್ ಮೇಲೆ ಕೆಡಿಸಿ ನೋಡಿದ್ದೇನೆ. ಒಂದೇ ಪುಟ ರೆಫ್ಯೂಸ್ಡ್, ಟೈಮ್‌ಔಟ್ ಮತ್ತು 502 ಆಗುವಂತೆ ಮಾಡಿ, ಪ್ರತಿಯೊಂದಕ್ಕೂ ಮೊದಲು ಏನು ನೋಡಬೇಕು ಎಂದು ಬರೆದಿಟ್ಟಿದ್ದೇನೆ. ಟಿಪ್ಪಣಿ ಮತ್ತು ಸ್ಕ್ರೀನ್‌ಶಾಟ್ ಗಿಟ್‌ಹಬ್ ಲಿಂಕ್‌ನಲ್ಲಿವೆ.
>
> ಬೆಂಗಳೂರಿಗೆ ಬಂದಿರಲು ಮತ್ತು ರಾತ್ರಿ ಪಾಳಿಯಲ್ಲಿ ಕೆಲಸ ಮಾಡಲು ತಯಾರಿದ್ದೇನೆ.

ನಿಲ್ಲಿಸಿ ಶುರು ಮಾಡಿದ ತಪ್ಪನ್ನು ತೆಗೆದುಬಿಡೋಣ ಎಂದು ಅವಳು ಹಟ ಮಾಡಿದಳು. ನಾನು ಬಿಡಲಿಲ್ಲ. ಆ ಸಾಲು ಇದ್ದರೇ ಕಥೆ ನಿಜ ಅನ್ನಿಸುವುದು. ಇಂಟರ್‌ವ್ಯೂನಲ್ಲಿ "ರೀಬೂಟ್ ಮಾಡಿದ್ದರೆ ಏನಾಗುತ್ತಿತ್ತು?" ಎಂದು ಕೇಳಿದರೆ ಉತ್ತರವೂ ಅವಳ ಹತ್ತಿರ ಇದೆ. ಕೇಳುವವರು ಕೇಳಲಿ ಎಂದೇ ಬಿಟ್ಟ ಜಾಗ ಅದು. ಹಾಗೆಯೇ, ಮೊದಲಿನ ಪತ್ರದಲ್ಲಿದ್ದ ಕುಬರ್ನೆಟಿಸ್ ಪದವನ್ನು ಹೊಡೆದು ಹಾಕಿಸಿದೆ. ಒಂದು ವಿಡಿಯೊ ನೋಡಿದ್ದು ಬಿಟ್ಟರೆ ಮುಟ್ಟಿರಲಿಲ್ಲ. ಹಾಕಿದರೆ ಮೊದಲ ಪ್ರಶ್ನೆಯೇ ಅದರ ಮೇಲೆ ಬರುತ್ತದೆ.

ಫ್ರೀ ಟಿಯರ್ ಬಗ್ಗೆ ಒಂದು ಮಾತು, ಯಾಕೆಂದರೆ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ಅಮೆಜಾನ್ ಕ್ಲೌಡ್‌ನಲ್ಲಿ ಮೊದಲು ಹೊಸ ಅಕೌಂಟಿಗೆ 12 ತಿಂಗಳು, ತಿಂಗಳಿಗೆ 750 ಗಂಟೆ ಸಣ್ಣ ಸರ್ವರ್ ಉಚಿತ ಇತ್ತು. 2025ರ ಜುಲೈ 15ರಿಂದ ತೆರೆದ ಅಕೌಂಟಿಗೆ ಹಾಗಿಲ್ಲ. ಶುರುವಿನಲ್ಲಿ 100 ಡಾಲರ್ ಕ್ರೆಡಿಟ್, ಹೇಳಿದ ಕೆಲವು ಕೆಲಸ ಮಾಡಿದರೆ ಇನ್ನೂ 100ರವರೆಗೆ. ಫ್ರೀ ಪ್ಲಾನ್ ಆರು ತಿಂಗಳಿಗೆ ಅಥವಾ ಕ್ರೆಡಿಟ್ ಖಾಲಿಯಾದಾಗ, ಯಾವುದು ಮೊದಲೋ ಆಗ ಮುಗಿಯುತ್ತದೆ. ಸರ್ವರ್ ಒಂದೇ ಅಲ್ಲ, ಪಬ್ಲಿಕ್ ವಿಳಾಸಕ್ಕೂ 2024ರ ಫೆಬ್ರವರಿಯಿಂದ ಗಂಟೆಗೆ 0.005 ಡಾಲರ್ ದರ ಇದೆ. 30 ದಿನಕ್ಕೆ 3.6 ಡಾಲರ್. ವಿಳಾಸ ಬದಲಾಗದಿರಲಿ ಎಂದು ಎಲಾಸ್ಟಿಕ್ ಐಪಿ ತೆಗೆದುಕೊಂಡರೆ, ಸರ್ವರ್ ನಿಲ್ಲಿಸಿಟ್ಟಾಗಲೂ ಆ ಮೀಟರ್ ಓಡುತ್ತಲೇ ಇರುತ್ತದೆ. ಇವಳು ಬಜೆಟ್ ಅಲರ್ಟ್ ಇಟ್ಟಿದ್ದಳು, ಒಳ್ಳೆಯದೇ. ಆದರೆ ಅದು ಇಮೇಲ್ ಕಳಿಸುತ್ತದೆ ಅಷ್ಟೇ, ತಾನಾಗಿ ಖರ್ಚು ನಿಲ್ಲಿಸುವುದಿಲ್ಲ.

ಪತ್ರಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ಅವಳು ಸರ್ವರಿನ ಐಪಿ ವಿಳಾಸವನ್ನೇ ಪತ್ರದಲ್ಲಿ ಲಿಂಕ್ ಆಗಿ ಕೊಟ್ಟಿದ್ದಳು. ಪತ್ರ ಯಾರ ಕೈಗೆ ಯಾವಾಗ ಹೋಗುತ್ತದೋ ಹೇಳೋಕೆ ಬರುವುದಿಲ್ಲ. ಅಷ್ಟರಲ್ಲಿ ವಿಳಾಸ ಬದಲಾಗಿದ್ದರೆ? ಕ್ರೆಡಿಟ್ ಮುಗಿದಿದ್ದರೆ? ಸಪೋರ್ಟ್ ಕೆಲಸ ಕೇಳುವವರ ಲಿಂಕೇ ತೆರೆಯದಿದ್ದರೆ ಹೇಗಿರುತ್ತದೆ! ಅದಕ್ಕೇ ಗಿಟ್‌ಹಬ್‌ನಲ್ಲಿ ಒಂದು ರೀಡ್‌ಮಿ ಪುಟ ಮಾಡಿಸಿದೆ. ಸರ್ವರಿನ ಚಿತ್ರ, ಆ ಸಂಜೆಯ ಟಿಪ್ಪಣಿ, ಮೂರು ಎರರ್‌ಗಳ ಸ್ಕ್ರೀನ್‌ಶಾಟ್. ಸರ್ವರ್ ನಾಳೆ ಮುಚ್ಚಿದರೂ ಇದು ಇರುತ್ತದೆ.

ಕಳಿಸುವ ಮೊದಲು "ಲಿಂಕನ್ನು ನಿನ್ನ ಫೋನಲ್ಲಿ ಬೇಡ, ಅಮ್ಮನ ಫೋನಲ್ಲಿ ತೆರೆದು ನೋಡು" ಎಂದೆ. ತೆರೆದಳು. 404.

"ಇದೆ ಅಕ್ಕಾ, ನನ್ನ ಲ್ಯಾಪ್‌ಟಾಪಲ್ಲಿ ಕಾಣ್ತಾ ಇದೆ!" ಎಂದು ತಿರುಗಿಸಿ ತೋರಿಸಿದಳು. ನಾನು ಏನೂ ಹೇಳಲಿಲ್ಲ. ಎರಡು ನಿಮಿಷ ಎರಡೂ ಸ್ಕ್ರೀನ್ ನೋಡುತ್ತಾ ನಿಂತಳು. "ಇಲ್ಲಿ ನಾನು ಲಾಗಿನ್ ಆಗಿದೀನಿ, ಅಲ್ಲಿ ಇಲ್ಲ... ರೆಪೊ ಪ್ರೈವೇಟ್ ಇರ್ಬೇಕು." ಹೌದು. ಪ್ರೈವೇಟ್ ರೆಪೊವನ್ನು ಹೊರಗಿನವರು ತೆರೆದರೆ ಗಿಟ್‌ಹಬ್ "ನಿಮಗೆ ಅನುಮತಿ ಇಲ್ಲ" ಅನ್ನುವುದಿಲ್ಲ, ಅಂಥದ್ದು ಇಲ್ಲವೇ ಇಲ್ಲ ಅನ್ನುತ್ತದೆ.

ಪಬ್ಲಿಕ್ ಮಾಡಲು ಹೋದವಳು ತಾನೇ ಕೈ ತಡೆದಳು. ಶುರುವಿನಲ್ಲಿ ಒಂದು ಸಲ `.pem` ಕೀ ಫೈಲ್ ಸೇರಿಹೋಗಿತ್ತು, ಮಾರನೇ ದಿನ ಅಳಿಸಿದ್ದಳು. ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಅದು ಇದ್ದೇ ಇರುತ್ತದೆ. ಆ ಕೀಯನ್ನು ಸರ್ವರಿನಿಂದ ತೆಗೆದು ಹಾಕಿ, ಟಿಪ್ಪಣಿಗಳನ್ನಷ್ಟೇ ಹೊಸ ರೆಪೊಗೆ ಹಾಕಿದಳು. ಅಮ್ಮನ ಫೋನಿನಲ್ಲಿ ಮತ್ತೆ ತೆರೆದು ನೋಡಿ, ರಾತ್ರಿ ಒಂಬತ್ತೂವರೆಗೆ ಪತ್ರ ಕಳಿಸಿದಳು.